ಹೊಟ್ಟೆಯ ನೀರಿಗೆ ಸೋಂಕು: ಯಾವ ಆ್ಯಂಟಿಬಯಾಟಿಕ್, ಎಷ್ಟು ದಿನ?

ಲಿವರ್ ಗಟ್ಟಿಯಾಗಿ ಸಿರೋಸಿಸ್ ಆಗಿ ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಆ ನೀರಿಗೇ ಸೋಂಕು ತಗಲಬಹುದು. ಎಲ್ಲೂ ಕರುಳು ತೂತಾಗಿರುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಸುಮ್ನೆ ದಾಟಿ ಬಂದಿರುತ್ತವೆ. ಜ್ವರ, ಹೊಟ್ಟೆನೋವು ಇರಲೇಬೇಕು ಅಂತೇನಿಲ್ಲ.

ಗಂಗಾವತಿ ಕಡೆಯಿಂದ ಬಂದ ರೈಸ್ ಮಿಲ್ ಕೆಲಸಗಾರರೊಬ್ಬರ ವಿಷಯ ಹೇಳುತ್ತೇನೆ. ವಯಸ್ಸು 52, ತೂಕ 60 ಕೆಜಿ. "ರಾತ್ರಿ ನಿದ್ದಿ ಇಲ್ರಿ ಸರ, ಏನೇನೋ ಮಾತಾಡಾಕತ್ತಾರ" ಅಂತ ಹೆಂಡತಿ ಕರೆತಂದಿದ್ದರು. ಮೂತ್ರವೂ ಕಡಿಮೆಯಾಗಿತ್ತು. ಇಷ್ಟಿದ್ದರೆ ಸಾಕು, ಅವತ್ತೇ ಸೂಜಿ ಹಾಕಿ ನೀರು ತೆಗೆದು ನೋಡಬೇಕು. ಲ್ಯಾಬ್ ವರದಿಯಲ್ಲಿ ಒಟ್ಟು ಬಿಳಿ ಕಣ 1,200, ಅದರಲ್ಲಿ ಬ್ಯಾಕ್ಟೀರಿಯಾ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ 70 ಪರ್ಸೆಂಟ್ ಅಂತಿತ್ತು, ಅಂದರೆ 840. ನ್ಯೂಟ್ರೋಫಿಲ್ 250 ದಾಟಿದರೆ, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕಾಯದೆ ಔಷಧಿ ಶುರು ಮಾಡಬೇಕು. ಆದರೆ ಕಲ್ಚರ್‌ಗೆ ಕಳಿಸುವುದನ್ನು ಬಿಡಬಾರದು. ಔಷಧಿ ಹಾಕುವ ಮೊದಲೇ, ಮಂಚದ ಪಕ್ಕದಲ್ಲೇ, 10 ಎಂಎಲ್ ನೀರನ್ನು ಬ್ಲಡ್ ಕಲ್ಚರ್ ಬಾಟಲಿಗೆ ಹಾಕಿ. ಬರೀ ಟ್ಯೂಬಿನಲ್ಲಿ ಕಳಿಸಿದರೆ ಎಷ್ಟೋ ಸಲ ಏನೂ ಬೆಳೆಯುವುದಿಲ್ಲ.

ಮನೆಯಿಂದ ನೇರವಾಗಿ ಬಂದವರು, ಇತ್ತೀಚೆಗೆ ಆ್ಯಂಟಿಬಯಾಟಿಕ್ ತಗೊಂಡಿಲ್ಲ ಅಂದರೆ ಸೆಫೋಟ್ಯಾಕ್ಸಿಮ್ 2 ಗ್ರಾಂ 8 ಗಂಟೆಗೊಮ್ಮೆ, ಇಲ್ಲವೇ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 2 ಗ್ರಾಂ, 5ರಿಂದ 7 ದಿನ. ಆಸ್ಪತ್ರೆಯಲ್ಲಿದ್ದಾಗಲೇ ಸೋಂಕು ಬಂದಿದ್ದರೆ, ಅಥವಾ ಕಳೆದ ಮೂರು ತಿಂಗಳಲ್ಲಿ ಆಸ್ಪತ್ರೆ, ಇಂಜೆಕ್ಷನ್ ಆಗಿದ್ದರೆ ಲೆಕ್ಕವೇ ಬೇರೆ. ಆಗ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್ ಅಥವಾ ಮೆರೋಪೆನೆಮ್‌ನಿಂದಲೇ ಶುರು ಮಾಡಬೇಕಾಗಬಹುದು. ಅಮಿಕಾಸಿನ್, ಜೆಂಟಾಮೈಸಿನ್ ಮುಟ್ಟಬೇಡಿ. ಇವರ ಕಿಡ್ನಿ ಮೊದಲೇ ಸೂಕ್ಷ್ಮ.

ಇವರನ್ನು ಕೇಳಿದಾಗ ಇಂಜೆಕ್ಷನ್ ಏನೂ ಇಲ್ಲ ಅಂದರು. ಸೆಫ್ಟ್ರಿಯಾಕ್ಸೋನ್ ಶುರುವಾಯಿತು, ಜೊತೆಗೆ ಆಲ್ಬುಮಿನ್. ಕಿಡ್ನಿ ಉಳಿಸುವುದು ಇದೇ. ಮೊದಲ 6 ಗಂಟೆಯೊಳಗೆ ಕೆಜಿಗೆ 1.5 ಗ್ರಾಂ, ಮೂರನೇ ದಿನ ಕೆಜಿಗೆ 1 ಗ್ರಾಂ. 60 ಕೆಜಿಗೆ 90 ಗ್ರಾಂ. 20 ಪರ್ಸೆಂಟಿನ 100 ಎಂಎಲ್ ಬಾಟಲಿಯಲ್ಲಿ 20 ಗ್ರಾಂ ಇರುತ್ತದೆ, ಹಾಗಾಗಿ ನಾಲ್ಕೂವರೆ ಬಾಟಲಿ, ಮೂರನೇ ದಿನ ಇನ್ನು ಮೂರು. ದುಬಾರಿ, ನಿಜ. ಹಾಗಂತ ದಿನಕ್ಕೊಂದು ಬಾಟಲಿ ಹಾಕಿಸಿ ಸಮಾಧಾನ ಪಡುವುದು ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ ಅನ್ನುವಂಥದ್ದು. ಹಾಕುವಾಗ ಉಸಿರಾಟದ ಮೇಲೆ ಕಣ್ಣಿರಲಿ, ಶ್ವಾಸಕೋಶದಲ್ಲಿ ನೀರು ನಿಲ್ಲಬಹುದು.

48 ಗಂಟೆಗೆ ಮತ್ತೆ ನೀರು ತೆಗೆದೆವು. ನನ್ನ ಪ್ರಕಾರ ಇದೇ ಮುಖ್ಯವಾದ ಹೆಜ್ಜೆ, ಇದನ್ನೇ ಜಾಸ್ತಿ ಜನ ಬಿಡುತ್ತಾರೆ. ನ್ಯೂಟ್ರೋಫಿಲ್ ಕನಿಷ್ಠ ಕಾಲು ಭಾಗ ಇಳಿಯಬೇಕು, 840 ಇದ್ದದ್ದು 630ಕ್ಕಿಂತ ಕೆಳಗೆ ಬರಬೇಕು. ಬಂದದ್ದು 680. ಇಳಿದಿದೆಯಲ್ಲ ಅಂತ ಬಿಡುವ ಹಾಗಿಲ್ಲ. ಕರುಳು ತೂತಾಗಿದೆಯೇ ಅಂತಲೂ ಯೋಚಿಸಬೇಕು. ಆ ನೀರಿನಲ್ಲಿ ಸಕ್ಕರೆ 50ಕ್ಕಿಂತ ಕೆಳಗಿಲ್ಲ, ಕಲ್ಚರ್‌ನಲ್ಲಿ ಬೆಳೆದದ್ದೂ ಒಂದೇ ಬ್ಯಾಕ್ಟೀರಿಯಾ, ಸ್ಕ್ಯಾನ್‌ನಲ್ಲೂ ತೂತು ಕಾಣಲಿಲ್ಲ. ಆ ಬ್ಯಾಕ್ಟೀರಿಯಾ ಇ. ಕೊಲೈ, ಸೆಫ್ಟ್ರಿಯಾಕ್ಸೋನ್, ಸಿಪ್ರೊಫ್ಲಾಕ್ಸಸಿನ್ ಎರಡಕ್ಕೂ ಬಗ್ಗದ್ದು. ಇನ್ನೊಮ್ಮೆ ಬಿಡಿಸಿ ಕೇಳಿದಾಗ, ತಿಂಗಳ ಹಿಂದೆ ಊರಲ್ಲಿ "ಪವರ್ ಸೂಜಿ" ನಾಲ್ಕು ದಿನ ಹಾಕಿಸಿದ್ದು ಹೊರಬಂತು. ಮೆರೋಪೆನೆಮ್ 1 ಗ್ರಾಂ 8 ಗಂಟೆಗೊಮ್ಮೆ ಕೊಟ್ಟ ಮೇಲೆ ಮಾತು ಸರಿಹೋಯಿತು, ಮೂತ್ರವೂ ಬಂತು.

ಒಮ್ಮೆ ಬಂದವರಿಗೆ ತಡೆ ಔಷಧಿ ಇಲ್ಲದಿದ್ದರೆ ವರ್ಷದೊಳಗೆ ಮತ್ತೆ ಬರುವುದೇ ಹೆಚ್ಚು. 1990ರಲ್ಲಿ ಬಂದ ಅಧ್ಯಯನದಲ್ಲಿ ದಿನಕ್ಕೊಂದು ನಾರ್‌ಫ್ಲಾಕ್ಸಸಿನ್ 400 ಮಿಗ್ರಾಂ ಮಾತ್ರೆ, ಇದನ್ನು 68 ಪರ್ಸೆಂಟಿನಿಂದ 20ಕ್ಕೆ ಇಳಿಸಿತ್ತು. ಈಗಲೂ ಸಾಮಾನ್ಯವಾಗಿ ಬರೆಯುವುದು ಇದನ್ನೇ. ಭೇದಿಗೆ ಅಂತ ಸಿಗುವ ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ಜೋಡಿ ಮಾತ್ರೆ ಬೇರೆ, ಮೆಡಿಕಲ್ ಶಾಪಿನವರು ಅದನ್ನು ಕೊಟ್ಟರೆ ತಗೋಬೇಡಿ. ನಾರ್‌ಫ್ಲಾಕ್ಸಸಿನ್ ಮಾತ್ರೆಯನ್ನು ಗ್ಯಾಸಿನ ಸಿರಪ್, ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ.

ಆದರೆ ಈ ಇ. ಕೊಲೈ ಸಿಪ್ರೊಗೆ ಬಗ್ಗಿಲ್ಲ ಅಂದಮೇಲೆ ಅದರದೇ ಗುಂಪಿನ ನಾರ್‌ಫ್ಲಾಕ್ಸಸಿನ್ ಮೇಲೆ ಭರವಸೆ ಇಡುವುದು ಹೇಗೆ ಅಲ್ವಾ? ವರದಿಯಲ್ಲಿ ಕೋ-ಟ್ರೈಮಾಕ್ಸಜೋಲ್ ಕೆಲಸ ಮಾಡುತ್ತದೆ ಅಂತಿತ್ತು, ಅದರ ಡಿಎಸ್ ಮಾತ್ರೆ ದಿನಕ್ಕೊಂದು ಕೊಟ್ಟೆವು. ಇವರು ನೀರಿಳಿಯಲು ಸ್ಪೈರೊನೊಲ್ಯಾಕ್ಟೋನ್ 100 ಮಿಗ್ರಾಂ ತಗೊಳ್ಳುತ್ತಿದ್ದರು. ಎರಡೂ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ವಾರಕ್ಕೆ ನೋಡಿದಾಗ 5.4 ಆಗಿತ್ತು, ಸ್ಪೈರೊನೊಲ್ಯಾಕ್ಟೋನ್ ಅರ್ಧಕ್ಕೆ ಇಳಿಸಿದೆವು. ಯಾಕೆ ಅಂತ ಯಾರಿಗೂ ಗೊತ್ತಿಲ್ಲದೆ ವರ್ಷದಿಂದ ನುಂಗುತ್ತಿದ್ದ ಪ್ಯಾಂಟೊಪ್ರಜೋಲ್ ನಿಲ್ಲಿಸಿದೆವು, ಹೊಟ್ಟೆಯ ಆ್ಯಸಿಡ್ ಕಡಿಮೆಯಾದಷ್ಟೂ ಈ ಸೋಂಕಿಗೆ ದಾರಿ ಸಲೀಸು. ತಡೆ ಮಾತ್ರೆ ಎಷ್ಟು ದಿನ ಅಂದರೆ, ಕುಡಿತ ಬಿಟ್ಟು ನೀರು ಪೂರ್ತಿ ಹೋಗುವವರೆಗೆ, ಇಲ್ಲವೇ ಲಿವರ್ ಕಸಿ ಆಗುವವರೆಗೆ.