ವಾಚಿನ ಗಾಜಿನೊಳಗೆ ಹಬೆ: ಒಮ್ಮೆ ಬಂದರೆ ಬೇರೆ, ಮತ್ತೆ ಬಂದರೆ ಬೇರೆ

ಓದುಗರ ಪ್ರಶ್ನೆ: ನನ್ನದು ಸೆಲ್ ಹಾಕುವ ವಾಚು. ಹಿಂದೆ 50 ಮೀಟರ್ ವಾಟರ್ ರೆಸಿಸ್ಟೆಂಟ್ ಎಂದು ಬರೆದಿದೆ. ಜುಲೈಯಲ್ಲಿ ಉಡುಪಿಯ ಒಂದು ಅಂಗಡಿಯಲ್ಲಿ ಸೆಲ್ ಬದಲಾಯಿಸಿದೆ. ಅದಾದ ಮೇಲೆ ಮಂಗಳೂರಿನ ಎಸಿ ಆಫೀಸಿನಲ್ಲಿ ಕೂತ ಸ್ವಲ್ಪ ಹೊತ್ತಿಗೆ ಗಾಜಿನ ಒಳಗೆ ತೆಳುವಾಗಿ ಹಬೆ ಕಟ್ಟುತ್ತದೆ, ಊಟಕ್ಕೆ ಹೊರಗೆ ಬಂದರೆ ಮಾಯ. ನೀರಿಗಂತೂ ಹಾಕಿಲ್ಲ. ಅಕ್ಕಿಯಲ್ಲಿ ಎರಡು ದಿನ ಹೂತಿಟ್ಟೆ, ಪ್ರಯೋಜನ ಆಗಲಿಲ್ಲ. ವಾಚು ಕೆಟ್ಟಿತೇ?

ಕೆಟ್ಟಿಲ್ಲ ಅನ್ನುವುದು ನನ್ನ ಅಂದಾಜು. ಆದರೆ ಹೀಗೇ ಬಿಟ್ಟರೆ ಕೆಡಬಹುದು. ನಿಮ್ಮ ಪ್ರಶ್ನೆಯಲ್ಲೇ ಎರಡು ಸುಳಿವುಗಳಿವೆ. ಒಂದು, ಸೆಲ್ ಹಾಕಿಸಿದ ತಿಂಗಳು. ಇನ್ನೊಂದು, ಹಬೆ ಬರುವ ಹೊತ್ತು.

ಮೊದಲು ಹೊತ್ತಿನ ವಿಷಯ ನೋಡೋಣ. ಎಸಿಯಿಂದ ಹೊರಗೆ ಬಂದ ಕೂಡಲೇ ಕನ್ನಡಕಕ್ಕೆ ಮಬ್ಬು ಹಿಡಿಯುವುದು ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ತಣ್ಣಗಿನ ಗಾಜಿಗೆ ಹೊರಗಿನ ತೇವದ ಗಾಳಿ ತಗಲಿ ನೀರಾಗುತ್ತದೆ. ವಾಚಿಗೂ ಹಾಗೆ ಆಗುತ್ತದೆ, ಆದರೆ ಅದು ಗಾಜಿನ ಹೊರಮೈ ಮೇಲೆ. ಅಂಗಿಯ ತುದಿಯಲ್ಲಿ ಒರೆಸಿದರೆ ಹೋಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಮಗೆ ಆಗುತ್ತಿರುವುದು ಇದಕ್ಕೆ ಉಲ್ಟಾ. ಸೆಖೆಯಿಂದ ತಂಪಿಗೆ ಹೋದಾಗ ಬರುತ್ತಿದೆ, ಒರೆಸಿದರೆ ಹೋಗುತ್ತಿಲ್ಲ. ಅಂದರೆ ತೇವ ಇರುವುದು ಒಳಗೆ.

ಒಳಗೆ ಎಷ್ಟು ತೇವ ಇದೆ ಅನ್ನುವುದೇ ಮುಖ್ಯ ಪ್ರಶ್ನೆ. ಸ್ವಲ್ಪ ಲೆಕ್ಕ ಹಾಕೋಣ. ಆಟಿ ತಿಂಗಳ ಒಂದು ಮಧ್ಯಾಹ್ನ, ಹಪ್ಪಳ ಕರಿದು ತಟ್ಟೆಗೆ ಹಾಕುವಷ್ಟರಲ್ಲಿ ಮೆತ್ತಗಾಗುವಂಥ ದಿನ. ಉಷ್ಣಾಂಶ 28 ಡಿಗ್ರಿ, ಗಾಳಿಯ ತೇವಾಂಶ 90 ಶೇಕಡಾ ಅಂತಿಟ್ಟುಕೊಳ್ಳಿ. ಆ ಗಾಳಿಯನ್ನು ಎರಡೇ ಡಿಗ್ರಿ ತಣಿಸಿದರೂ, ಅಂದರೆ 26 ಡಿಗ್ರಿಯ ಸುಮಾರಿಗೆ, ಅದರಲ್ಲಿರುವ ಆವಿ ನೀರಾಗಲು ಶುರು. ಅಂಥ ದಿನ ಬಾಗಿಲು ತೆರೆದ ಅಂಗಡಿಯಲ್ಲಿ ವಾಚಿನ ಹಿಂಬದಿ ಮುಚ್ಚಳ ತೆಗೆದು, ಸೆಲ್ ಹಾಕಿ, ಮತ್ತೆ ಒತ್ತಿ ಮುಚ್ಚಿದರೆ ಆಟಿಯ ಗಾಳಿಯೇ ಒಳಗೆ ಸಿಕ್ಕಿಬಿದ್ದಂತೆ. ಎಸಿ ಆಫೀಸಿನಲ್ಲಿ 22 ಡಿಗ್ರಿ. ವಾಚಿನ ಬೆನ್ನು ನಿಮ್ಮ ಮೈಬಿಸಿಗೆ ಬೆಚ್ಚಗಿರುತ್ತದೆ, ಮೇಲಿನ ಗಾಜಿಗೆ ತಣ್ಣನೆ ಗಾಳಿ ಬಡಿಯುತ್ತಿರುತ್ತದೆ. ಹಾಗಾಗಿ ಒಳಗಿನ ಆವಿ ಹೋಗಿ ಕೂರುವುದು ಗಾಜಿನ ಒಳಮೈಗೇ.

ಆದರೆ ಈ ಆವಿಯ ಪ್ರಮಾಣ ತೀರಾ ಚಿಕ್ಕದು. ಕೈಗಡಿಯಾರದ ಒಳಗೆ ಖಾಲಿ ಜಾಗ ಒಂದೆರಡು ಮಿಲಿಲೀಟರ್ ಇರಬಹುದು. ನಾನು ಹೇಳಿದ ಗಾಳಿಯ ಒಂದು ಮಿಲಿಲೀಟರಿನಲ್ಲಿ ಇರುವ ನೀರು ಸುಮಾರು 0.025 ಮಿಲಿಗ್ರಾಂ. ನಲ್ಲಿಯ ಒಂದು ಹನಿ ಸುಮಾರು 50 ಮಿಲಿಗ್ರಾಂ ತೂಗುತ್ತದೆ, ಅಂದರೆ ಎರಡು ಸಾವಿರ ಪಟ್ಟು. ಆದ್ದರಿಂದ ಬರೀ ಸಿಕ್ಕಿಬಿದ್ದ ಗಾಳಿಯಿಂದ ತೆಳು ಪರದೆಯಂಥ ಮಬ್ಬು ಬರಬಹುದು, ಅದೂ ಬೆಚ್ಚಗಾದ ಕೂಡಲೇ ಹೋಗುತ್ತದೆ. ಡಯಲ್ ಮತ್ತು ಒಳಗಿನ ಪ್ಲಾಸ್ಟಿಕ್ ಭಾಗಗಳು ಹೀರಿಕೊಂಡ ತೇವ ಸೇರಿದರೆ ಸ್ವಲ್ಪ ದಟ್ಟವಾದೀತು. ಗಾಜಿನ ಒಳಗೆ ಕಣ್ಣಿಗೆ ಕಾಣುವ ಹನಿಗಳು ನಿಂತಿದ್ದರೆ, ಅಥವಾ ಕೋಣೆಯ ಸೆಖೆಯಲ್ಲೂ ಮಬ್ಬು ಗಂಟೆಗಟ್ಟಲೆ ಕೂತಿದ್ದರೆ, ಅದು ಗಾಳಿಯ ಕೆಲಸ ಅಲ್ಲ. ನೀರೇ ಒಳಗೆ ಹೋಗಿದೆ.

ನಿಮ್ಮದು ತೆಳು ಪರದೆ, ಬಂದು ಹೋಗುವಂಥದ್ದು. ಹಾಗಾದರೆ ಅಕ್ಕಿಯಲ್ಲಿ ಇಟ್ಟರೂ ಯಾಕೆ ಹೋಗಲಿಲ್ಲ? ನೀರು ಒಳಗೆ ಬರದಂತೆ ಹಿಂಬದಿ ಮುಚ್ಚಳಕ್ಕೆ ಒಂದು ರಬ್ಬರ್ ವಾಷರ್ ಇದೆ, ಬದಿಯಲ್ಲಿ ಟೈಮ್ ತಿರುಗಿಸುವ ಕೀಯ ಒಳಗೂ ಒಂದು ಸಣ್ಣ ವಾಷರ್ ಇದೆ. ನೀರನ್ನು ಹೊರಗೆ ತಡೆಯುವ ಅದೇ ವಾಷರ್ ಆವಿಯನ್ನು ಒಳಗೂ ತಡೆಯುತ್ತದೆ. ಹೊರಗೆ ಏನೇ ಸುರಿದರೂ ಮುಚ್ಚಿದ ವಾಚಿನ ಒಳಗಿನ ತೇವವನ್ನು ಅದು ಎಳೆಯಲಾರದು. ಮೇಲಾಗಿ ಮಳೆಗಾಲದಲ್ಲಿ ನಮ್ಮ ಮನೆಯ ಅಕ್ಕಿಯೇ ಒದ್ದೆ. ನಾನೂ ಒಮ್ಮೆ ಕುಚ್ಚಲಕ್ಕಿ ಡಬ್ಬದಲ್ಲಿ ಇಟ್ಟು ನೋಡಿದವನೇ; ಕೀಯ ಸಂದಿಗೆ ತೌಡಿನ ಹುಡಿ ಕೂತು, ಅದನ್ನು ತೆಗೆಯುವುದೇ ಬೇರೊಂದು ಕೆಲಸವಾಯಿತು. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಇನ್ನೂ ಮೋಸದ್ದು. ಗಾಜು ಸ್ವಚ್ಛ ಕಾಣುತ್ತದೆ, ಗೆದ್ದೆವು ಅಂದುಕೊಳ್ಳುತ್ತೇವೆ. ತೇವ ಎಲ್ಲಿಗೂ ಹೋಗಿರುವುದಿಲ್ಲ. ಗಾಜು ಬಿಟ್ಟು ಮತ್ತೆ ಒಳಗಿನ ಗಾಳಿಗೆ ಸೇರಿರುತ್ತದೆ, ತಣಿದಾಗ ಮೆಷಿನ್ನಿನ ಮೇಲೂ ಕೂರಬಹುದು.

ಹಾಗಾಗಿ ಒಣಗಿಸಬೇಕೆಂದರೆ ಹಿಂಬದಿ ತೆರೆಯಲೇಬೇಕು. ಸರಿಯಾದ ಉಪಕರಣ ಇಲ್ಲದೆ ಮನೆಯಲ್ಲಿ ಚಾಕು ಹಾಕಿ ಎಬ್ಬಬೇಡಿ. ಮುಚ್ಚಳಕ್ಕೆ ಗೀರು ಬೀಳುತ್ತದೆ, ವಾಷರ್ ಸಂದಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ರಿಪೇರಿಯವರ ಹತ್ತಿರ ಹೋಗಿ ಮೂರು ಕೆಲಸ ಹೇಳಿ. ಒಳಗೆ ಎಲ್ಲಾದರೂ ತುಕ್ಕು ಇದೆಯೇ ಎಂದು ಕಣ್ಣಿಗೆ ಲೆನ್ಸ್ ಹಾಕಿ ನೋಡಬೇಕು. ತೆರೆದ ವಾಚನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಒಂದು ರಾತ್ರಿ ಇಡಬೇಕು. ಮರುದಿನ ಹೊಸ ವಾಷರಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ, ಎಸಿ ಇರುವ ಕೋಣೆಯಲ್ಲೇ ಮುಚ್ಚಬೇಕು. ಎಸಿ ಕೇಳುವುದು ಶೋಕಿಗಲ್ಲ, ಎಸಿ ಗಾಳಿಯಿಂದ ತೇವವನ್ನು ಹಿಂಡುತ್ತದೆ. ಸಿಲಿಕಾ ಜೆಲ್ ವಿಷಯದಲ್ಲೂ ಒಂದು ಮಾತು: ಶೂ ಡಬ್ಬದಲ್ಲಿ ಬಂದು ವರ್ಷದಿಂದ ಕಪಾಟಿನಲ್ಲಿ ಬಿದ್ದಿರುವ ಪೊಟ್ಟಣ ಈ ಊರಿನ ಗಾಳಿಯಲ್ಲಿ ಆಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಬಣ್ಣ ಬದಲಾಗುವ ಕಾಳು ತಗೊಂಡರೆ ಒಳ್ಳೆಯದು. ನೀಲಿ ಬಣ್ಣದವು ತೇವ ಕುಡಿದರೆ ಗುಲಾಬಿಯಾಗುತ್ತವೆ, ಕಿತ್ತಳೆ ಬಣ್ಣದವು ಹಸಿರಾಗುತ್ತವೆ. ನೋಡಿದರೆ ಗೊತ್ತಾಗುತ್ತದೆ.

ಇಷ್ಟು ಆದ ಮೇಲೆ ನಿಜವಾದ ಪರೀಕ್ಷೆ. ಈಗ ಬರುತ್ತಿರುವ ಹಬೆಯಿಂದ ಒಳಗೆ ತೇವ ಇದೆ ಎಂದಷ್ಟೇ ಗೊತ್ತಾಗುತ್ತದೆ. ಸಂದಿ ಸೋರುತ್ತಿದೆಯೋ ಇಲ್ಲವೋ ಅನ್ನುವುದು ಗೊತ್ತಾಗುವುದಿಲ್ಲ. ಸೆಲ್ ಹಾಕುವಾಗ ಸಿಕ್ಕಿಬಿದ್ದ ಗಾಳಿ ಇರಬಹುದು, ಹಳೆಯ ವಾಷರ್ ಗಟ್ಟಿಯಾಗಿ ಸರಿಯಾಗಿ ಕೂತಿಲ್ಲದೆಯೂ ಇರಬಹುದು. ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ ಚೆನ್ನಾಗಿ ಒಣಗಿಸಿ ಮುಚ್ಚಿದ ಮೇಲೆ ಮತ್ತೆ ಬಂತೋ ಇಲ್ಲವೋ ಅನ್ನುವುದರಿಂದಲೇ ಬೇರೆ ಮಾಡಬೇಕು.

ಅದಕ್ಕೆ ವಾಚಿನವರು ಮಾಡುವ ಹನಿ ಪರೀಕ್ಷೆ ಇದೆ. ವಾಚನ್ನು 40ರಿಂದ 45 ಡಿಗ್ರಿಯ ಬಿಸಿ ತಟ್ಟೆಯ ಮೇಲೆ ಇಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು, ಒಂದು ನಿಮಿಷದ ಮೇಲೆ ಒರೆಸಿ ನೋಡುತ್ತಾರೆ. ಹನಿ ಕೂತಿದ್ದ ಜಾಗದ ಒಳಬದಿಗೆ ಮಬ್ಬು ಕಂಡರೆ ಒಳಗೆ ತೇವ ಇದೆ ಎಂದರ್ಥ. ಮನೆಯಲ್ಲಿ ಬಿಸಿ ತಟ್ಟೆ ಬೇಡ, ಕಾವಲಿಯಂತೂ ಬೇಡವೇ ಬೇಡ. ಕಾಲು ಗಂಟೆ ಕೈಗೆ ಕಟ್ಟಿ ಮೈಬಿಸಿ ಹಿಡಿಸಿ. ಫ್ರಿಜ್ಜಿನ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಗಾಜಿನ ಮೇಲೆ ಒಂದು ದಪ್ಪ ಹನಿ ಬಿಡಿ, ಒಂದು ನಿಮಿಷ ಬಿಟ್ಟು ಒರೆಸಿ. ಇದು ಅಂಗಡಿಯ ಪರೀಕ್ಷೆಯಷ್ಟು ಕರಾರುವಾಕ್ಕಲ್ಲ, ಆದರೆ ಹೋಲಿಸಲು ಸಾಕು. ಮುಚ್ಚಿಸಿಕೊಂಡು ಬಂದ ದಿನವೇ ಒಮ್ಮೆ ಮಾಡಿ. ಏನೂ ಕಾಣಬಾರದು. ಎಂದಿನಂತೆ ಹದಿನೈದು ದಿನ ಕಟ್ಟಿಕೊಂಡು, ಮಳೆ, ಬೆವರು ಎಲ್ಲ ಆದ ಮೇಲೆ ಮತ್ತೆ ಮಾಡಿ. ಆಗಲೂ ಗಾಜು ಸ್ವಚ್ಛವಾಗಿದ್ದರೆ ತಪ್ಪು ಜುಲೈಯ ಗಾಳಿಯದ್ದು, ವಾಚಿನದ್ದಲ್ಲ. ಮಬ್ಬು ಬಂದರೆ ಎಲ್ಲೋ ಸೋರುತ್ತಿದೆ. ಆಗ ಪ್ರೆಶರ್ ಟೆಸ್ಟಿಂಗ್ ಯಂತ್ರ ಇರುವ ಸರ್ವಿಸ್ ಸೆಂಟರಿಗೇ ಹೋಗಬೇಕು. ಸಣ್ಣ ಅಂಗಡಿಗಳಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ, ಹೋಗುವ ಮೊದಲೇ ಫೋನ್ ಮಾಡಿ ಕೇಳಿ. ಸೋರುವುದು ಹಿಂಬದಿಯಿಂದ ಮಾತ್ರ ಅಂತಲ್ಲ, ಕೀಯ ವಾಷರ್ ಸವೆದಿದ್ದರೂ, ಗಾಜಿನ ಸುತ್ತಲಿನ ರಿಂಗ್ ಸಡಿಲವಾಗಿದ್ದರೂ ಹೀಗೇ ಆಗುತ್ತದೆ. ಆ ಯಂತ್ರ ಇರುವುದೇ ಅದನ್ನು ಹುಡುಕಲು.

ಅಲ್ಲಿವರೆಗೆ ವಾಚು ಕಟ್ಟಿಕೊಂಡು ಬಿಸಿನೀರು ಸ್ನಾನ ಮಾಡಬೇಡಿ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಹೊರಗೆ ಹೋಗುತ್ತದೆ, ತಣಿದಾಗ ಕುಗ್ಗಿ ಹೊರಗಿನ ತೇವವನ್ನು ಒಳಗೆ ಎಳೆಯುತ್ತದೆ. 50 ಮೀಟರ್ ಎಂದು ಬರೆದದ್ದು ಹೊಸ ವಾಷರ್ ಇದ್ದಾಗಿನ ಮಾತು, ಐದಾರು ವರ್ಷ ಕಳೆದ ರಬ್ಬರಿಗೆ ಆ ಭರವಸೆ ಇಲ್ಲ.

ಇಷ್ಟು ಸಾವಕಾಶ ಹೇಳಿದ್ದು ತೆಳು ಹಬೆಗೆ. ಹನಿ ಕಂಡರೆ ಕಥೆ ಬೇರೆ, ಅದರಲ್ಲೂ ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅಲೆಗೆ ಸಿಕ್ಕಿದ ವಾಚಾದರೆ ಹದಿನೈದು ದಿನ ಪರೀಕ್ಷೆ ಮಾಡುತ್ತ ಕೂರಬೇಡಿ. ಕೀಯನ್ನು ಹೊರಗೆ ಎಳೆಯದೆ, ಒತ್ತಿಯೇ ಇಟ್ಟು, ಹೊರಗಿನ ಉಪ್ಪು ಹೋಗುವಂತೆ ಸಿಹಿನೀರಲ್ಲಿ ಮೆಲ್ಲಗೆ ತೊಳೆದು ಒರೆಸಿ, ಅದೇ ದಿನ ಅಂಗಡಿಗೆ ಒಯ್ಯಿರಿ. ನೀರು ಆರಿದರೂ ಉಪ್ಪು ಒಳಗೇ ಉಳಿಯುತ್ತದೆ, ಅದು ಗಾಳಿಯ ತೇವವನ್ನು ಮತ್ತೆ ಮತ್ತೆ ಕರೆಯುತ್ತದೆ. ಸೆಲ್ಲಿನ ವಾಚಾದರೆ ಮೊದಲು ಸೆಲ್ ತೆಗೆಯಲು ಹೇಳಿ, ವಿದ್ಯುತ್ ಹರಿಯುತ್ತಿದ್ದರೆ ತಂತಿ ಬೇಗ ತಿಂದುಹೋಗುತ್ತದೆ. ಒಳಗಿನ ಕಾಯಿಲಿನ ತಾಮ್ರದ ತಂತಿ ಕೂದಲಿಗಿಂತ ತೆಳು, ಒಂದು ಕಡೆ ತುಂಡಾದರೂ ಮುಳ್ಳು ನಿಂತಂತೆಯೇ. ಕೀ ತಿರುಗಿಸುವಾಗ ಕರಕರ ಅಂದರೆ, ಡಯಲಿನಲ್ಲಿ ತಾರೀಕಿನ ಕಿಂಡಿಯ ಸುತ್ತ ಕಂದು ಕಲೆ ಕಂಡರೆ ತುಕ್ಕು ಆಗಲೇ ಶುರುವಾಗಿದೆ. ಅದಕ್ಕೆ ಒಣಗಿಸಿದರೆ ಸಾಲದು, ಮೆಷಿನ್ ಬಿಚ್ಚಿ ತೊಳೆಸಬೇಕು. ಅಗ್ಗದ ವಾಚಾದರೆ ಮೆಷಿನ್ನನ್ನೇ ಬದಲಾಯಿಸುವುದು ಕೆಲವೊಮ್ಮೆ ಲಾಭ.

ಕೊನೆಗೆ, ಇದೇ ಪ್ರಶ್ನೆಯನ್ನು ಅಪ್ಪನ ಕಾಲದ ಎಚ್‌ಎಂಟಿ ಜನತಾ ಇಟ್ಟುಕೊಂಡ ಇನ್ನಿಬ್ಬರೂ ಕೇಳಿದ್ದಾರೆ. ಅವರಿಗೆ ಪ್ರೆಶರ್ ಟೆಸ್ಟ್ ಬೇಡ. ದಿನಾ ಕೀ ಕೊಡುವ ಆ ವಾಚು ನೀರು ತಡೆಯಲು ಮಾಡಿದ್ದೇ ಅಲ್ಲ, ಅದರ ಪ್ಲಾಸ್ಟಿಕ್ ಗಾಜಿನ ಅಂಚಿನಿಂದ, ಕೀಯ ಸಂದಿಯಿಂದ ಗಾಳಿ ಹೋಗಿ ಬರುತ್ತಲೇ ಇರುತ್ತದೆ. ಹಾಗೆ ಸಡಿಲ ಇರುವುದರಿಂದಲೇ ಅದಕ್ಕೆ ಹಬೆ ಕಟ್ಟಿದರೆ ಸಿಲಿಕಾ ಜೆಲ್ ಡಬ್ಬದಲ್ಲಿ, ಮುಚ್ಚಳ ತೆರೆಯದೆ ಒಂದು ರಾತ್ರಿ ಇಟ್ಟರೂ ಒಣಗುತ್ತದೆ. ನಮ್ಮ ಮನೆಯದ್ದು ಜೂನ್ ಬಂದ ಕೂಡಲೇ ಆ ಡಬ್ಬ ಸೇರಿದರೆ ಚೌತಿಗೇ ಹೊರಗೆ ಬರುವುದು.