ನಡಾವಳಿಯಲ್ಲಿ ಅಂಕ ಇರಲಿ, ಗುರುತು ಬೇಡ

ಆಯ್ಕೆ ಸಮಿತಿಗಳಲ್ಲಿ ನಡಾವಳಿ ಬರೆಯುವ ಕೆಲಸ ನನ್ನದು. ಸಂದರ್ಶನ ಮುಗಿದ ಮೇಲೆ ಆ ಕಡತ ಸಮಿತಿಯ ಕೋಣೆಯಲ್ಲೇ ಉಳಿಯುವುದಿಲ್ಲ. ಟೈಪ್ ಮಾಡುವವರು, ಮಂಜೂರಾತಿ ಕೊಡುವವರು, ಸಂಬಳದ ವಿಭಾಗದವರು ಎಲ್ಲರ ಮೇಜಿನ ಮೇಲೂ ಹಾದು ಹೋಗುತ್ತದೆ. ಅದಕ್ಕೇ ನಾನು ಅದನ್ನು ಎರಡು ಭಾಗ ಮಾಡುತ್ತೇನೆ. ಮುಖ್ಯ ನಡಾವಳಿಯಲ್ಲಿ ಅಭ್ಯರ್ಥಿಗಳು ಅ-1, ಅ-2 ಎಂದಷ್ಟೇ ಇರುತ್ತಾರೆ. ಯಾವ ಸಂಖ್ಯೆ ಯಾರದು ಎಂಬ ಪಟ್ಟಿ ಮತ್ತು ಸದಸ್ಯರು ಸಹಿ ಮಾಡಿದ ಅಂಕದ ಹಾಳೆಗಳು ಮುಚ್ಚಿದ ಅನುಬಂಧಕ್ಕೆ ಹೋಗುತ್ತವೆ. ಅದನ್ನು ಯಾವ ಹುದ್ದೆಯವರು ತೆರೆಯಬಹುದು ಎಂದು ಲಕೋಟೆಯ ಮೇಲೇ ಬರೆದಿಡುತ್ತೇನೆ.

ಸಂಖ್ಯೆ ಕೊಟ್ಟರೆ ಸಾಕು, ಹೆಸರು ಗುಟ್ಟಾಗಿ ಉಳಿಯುತ್ತದೆ ಅಂತ ಅನಿಸುತ್ತದೆ, ಅಲ್ವಾ? ಉಳಿಯುವುದಿಲ್ಲ. ಒಂದು ಉದಾಹರಣೆ ತೆಗೆದುಕೊಳ್ಳಿ. ಲೆಕ್ಕ ಸಹಾಯಕರ ಒಂದು ಹುದ್ದೆ, ನಾಲ್ವರು ಅಭ್ಯರ್ಥಿಗಳು, ಮೂವರು ಸದಸ್ಯರು. ವಿಷಯ ಜ್ಞಾನಕ್ಕೆ 40, ಅನುಭವಕ್ಕೆ 30, ವಿವರಿಸುವ ರೀತಿಗೆ 30 ಅಂಕ ಎಂದು ಮೊದಲ ಅಭ್ಯರ್ಥಿ ಒಳಗೆ ಬರುವ ಮುಂಚೆಯೇ ತೀರ್ಮಾನಿಸಿ, ನಡಾವಳಿಯಲ್ಲಿ ಬರೆದಾಗಿದೆ. ಅ-3 ತಮ್ಮ ಕೈಕೆಳಗೆ ಕೆಲಸ ಮಾಡಿದ್ದವರು ಎಂದು ಎರಡನೇ ಸದಸ್ಯರು ಹೇಳಿದರು. ಅ-3 ಅವರ ಸಂದರ್ಶನಕ್ಕೂ ಕೊನೆಯ ಚರ್ಚೆಗೂ ಅವರು ಹೊರಗೆ ಉಳಿದರು. ಕೆಲವು ಸಂಸ್ಥೆಗಳ ನಿಯಮದಲ್ಲಿ ಇಂಥವರು ಇಡೀ ಆಯ್ಕೆಯಿಂದಲೇ ದೂರ ಇರಬೇಕು. ನನ್ನ ಒಲವೂ ಅದಕ್ಕೇ. ಆದರೆ ಇಲ್ಲಿ ನಿಯಮ ಹಾಗಿರಲಿಲ್ಲ ಎಂದಿಟ್ಟುಕೊಳ್ಳಿ.

ಅ-2 ಅವರಿಗೆ ಮೂವರು ಕೊಟ್ಟ ಅಂಕ 78, 70, 76. ಒಟ್ಟು 224. ಅ-3 ಅವರಿಗೆ ಇಬ್ಬರೇ ಕೊಟ್ಟದ್ದು 80, 79. ಒಟ್ಟು 159. ಒಟ್ಟು ಅಂಕ ನೋಡಿದರೆ ಅ-3 ಸುಮ್ನೆ ಸೋಲುತ್ತಾರೆ. ಸರಾಸರಿ ತೆಗೆದರೆ ಅ-3 ಅವರಿಗೆ 79.5, ಅ-2 ಅವರಿಗೆ ಸುಮಾರು 74.7. ಇಲ್ಲಿಗೇ ನಿಲ್ಲಿಸಬೇಡಿ. ಎರಡನೇ ಸದಸ್ಯರು ಅಂಕ ಕೊಡುವುದರಲ್ಲಿ ಬಿಗಿ. ಅವರ ಬಿಗಿ ಕೈ ಅ-2 ಅವರ ಮೇಲೆ ಮಾತ್ರ ಬಿದ್ದಿದೆ. ಹಾಗಾಗಿ ಇಬ್ಬರಿಗೂ ಅಂಕ ಕೊಟ್ಟ ಸದಸ್ಯರದ್ದನ್ನಷ್ಟೇ ಹೋಲಿಸಿ ನೋಡಬೇಕು. ಆಗ ಅ-2 ಅವರಿಗೆ 77, ಅ-3 ಅವರಿಗೆ 79.5. ಅಂತರ ಕಡಿಮೆಯಾಯಿತು, ಕ್ರಮ ಬದಲಾಗಲಿಲ್ಲ. ಈ ಲೆಕ್ಕವನ್ನು ನಡಾವಳಿಯಲ್ಲಿ ಹಾಗೆಯೇ ತೋರಿಸಬೇಕು.

ಈಗ ಕಷ್ಟದ ಭಾಗ. 'ಅ-3 ಎರಡನೇ ಸದಸ್ಯರ ಹಳೆಯ ಸಹಾಯಕರು' ಎಂದು ಮುಖ್ಯ ನಡಾವಳಿಯಲ್ಲಿ ಬರೆದರೆ ಸಂಖ್ಯೆಗೆ ಅರ್ಥವೇ ಇಲ್ಲ. ಓದಿದ ಯಾರಿಗಾದರೂ ಆಳು ಗೊತ್ತಾಗುತ್ತದೆ. ನಾನು ಬರೆಯುವುದು ಹೀಗೆ: 'ಒಬ್ಬ ಸದಸ್ಯರು ಅ-3 ಅವರೊಂದಿಗಿನ ಹಿಂದಿನ ಪರಿಚಯವನ್ನು ಸಂದರ್ಶನಕ್ಕೆ ಮೊದಲೇ ತಿಳಿಸಿ, ಅವರ ಸಂದರ್ಶನ ಮತ್ತು ಅಂತಿಮ ಚರ್ಚೆಯಿಂದ ಹೊರಗುಳಿದರು. ವಿವರ ಅನುಬಂಧದಲ್ಲಿದೆ.' ಅಂಕದ ಪಟ್ಟಿಯಲ್ಲೂ ಸದಸ್ಯರ ಹೆಸರಿಲ್ಲ, ಬರೀ ಸ-1, ಸ-2, ಸ-3.

ಶಿಫಾರಸಿನ ಕಾರಣ ಬರೆಯುವಾಗಲೂ ಇದೇ ಎಚ್ಚರ ಬೇಕು. 'ಚುರುಕಾದ ಅಭ್ಯರ್ಥಿ' ಎಂದರೆ ಏನೂ ಹೇಳಿದಂತಾಗಲಿಲ್ಲ. 'ಇದೇ ಕಚೇರಿಯಲ್ಲಿ ಆರು ವರ್ಷ ದುಡಿದವರು' ಎಂದರೆ ಗುರುತು ಹೇಳಿದಂತೆ. 'ತಾಳೆಯಾಗದ ಬ್ಯಾಂಕ್ ಲೆಕ್ಕ ಕೊಟ್ಟಾಗ, ಒಂದೇ ಚೆಕ್ ಎರಡು ಸಲ ದಾಖಲಾಗಿರುವುದನ್ನು ಹುಡುಕಿ ತೋರಿಸಿದರು' ಎಂದು ಬರೆದರೆ ಅಂಕಕ್ಕೆ ಆಧಾರ ಸಿಗುತ್ತದೆ, ಆಳು ಯಾರು ಅಂತ ತಿಳಿಯುವುದಿಲ್ಲ. ಆಯ್ಕೆಯಾಗದವರಿಗೂ ಇಂಥದೇ ಒಂದು ಸಾಲು ಬರೆಯಿರಿ. ಯಾರಾದರೂ ಆಕ್ಷೇಪ ಎತ್ತಿದರೆ ಮೊದಲು ಹುಡುಕುವುದು ಆ ಸಾಲನ್ನೇ.

ಸಂದರ್ಶನದಲ್ಲಿ ಅಭ್ಯರ್ಥಿಗಳು ಮನೆಯ ವಿಷಯ, ಆರೋಗ್ಯದ ವಿಷಯ ತಾವಾಗಿಯೇ ಹೇಳಿಕೊಳ್ಳುವುದುಂಟು. 'ಮಗು ಚಿಕ್ಕದು, ರಜೆ ಜಾಸ್ತಿ ಬೇಕಾಗಬಹುದು' ಎಂಬ ಟಿಪ್ಪಣಿಯನ್ನು ಅಂಕದ ಹಾಳೆಯ ಅಂಚಿನಲ್ಲಿ ನಾನು ನೋಡಿದ್ದೇನೆ. ನನಗೆ ತುಂಬಾ ಬೇಸರವಾಯಿತು. ನಂಬಿಕೆಯಿಂದ ಹೇಳಿದ ಮಾತು ಅವರ ವಿರುದ್ಧವೇ ದಾಖಲಾಗಿತ್ತು. ಅದಕ್ಕೇ ಈಗ ಹಾಳೆ ಹಂಚುವಾಗಲೇ ಹೇಳಿಬಿಡುತ್ತೇನೆ: ಮೂರು ಮಾನದಂಡಕ್ಕೆ ಸೇರದ ಯಾವುದನ್ನೂ ಬರೆಯಬೇಡಿ, ಅದಕ್ಕಾಗಿ ಅಂಕ ಕಡಿಮೆ ಮಾಡಬೇಡಿ.

ಪ್ರತಿ ಸಂದರ್ಶನ ಮುಗಿದ ಕೂಡಲೇ, ಚರ್ಚೆಗೆ ಮೊದಲೇ ಅಂಕ ತುಂಬಿಸುತ್ತೇನೆ. ಚರ್ಚೆಯ ನಂತರ ಯಾರಾದರೂ 72ನ್ನು 76 ಮಾಡುವುದಾದರೆ ಹಳೆಯ ಅಂಕ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ಬಿಳಿ ಬಣ್ಣ ಬಳಿದ ಹಾಳೆ ಇದ್ದರೆ ಇಡೀ ಆಯ್ಕೆಯ ಮೇಲೆ ಅನುಮಾನ ಬರುತ್ತದೆ.

ಕಂಪ್ಯೂಟರಿನಲ್ಲಿಯೂ ಎರಡು ಭಾಗ ಎರಡು ಜಾಗದಲ್ಲಿ ಇರಬೇಕು. ಎಕ್ಸೆಲ್‌ನಲ್ಲಿ ಹೆಸರಿನ ಕಾಲಂ ಅಡಗಿಸಿ ಕಳಿಸುವವರಿದ್ದಾರೆ. ಒಂದು ಕ್ಲಿಕ್‌ನಲ್ಲಿ ಅದು ಮತ್ತೆ ಕಾಣುತ್ತದೆ. ಸಂಖ್ಯೆಗಳಷ್ಟೇ ಇರುವ ಹೊಸ ಫೈಲ್ ಮಾಡಿ, ಫೈಲಿನ ಹೆಸರಿನಲ್ಲೂ ಅಭ್ಯರ್ಥಿಯ ಹೆಸರು ಉಳಿದಿಲ್ಲ ಎಂದು ನೋಡಿಕೊಂಡು ಆಮೇಲೆ ಕಳಿಸಿ.