ಬದುವಿನ ಆಚೆ ಈಚೆ: ಏಳಕ್ಕಿಂತ ಜಾಸ್ತಿ ಯಾಕೆ ನೋಡಬೇಕಿಲ್ಲ?

ಕಲಬುರಗಿಯಲ್ಲಿ ಕೂತು ಜಮೀನಿನ ನಕ್ಷೆಗೆ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದರಲ್ಲಿ ಪದೇ ಪದೇ ಎದುರಾಗುವ ಸಮಸ್ಯೆ ಒಂದಿದೆ. ಅಕ್ಕಪಕ್ಕದ ಎರಡು ತೊಗರಿ ಹೊಲಗಳ ಅಳತೆ ಬೇರೆ ಬೇರೆ ದಿನ ಆಗಿರುತ್ತದೆ. ಇಬ್ಬರಿಗೂ ಸೇರಿದ ಬಾಂದುಕಲ್ಲು ಒಂದೇ, ಆದರೆ ಫೈಲಿನಲ್ಲಿ ಎರಡು ಸಲ ನಮೂದಾಗಿರುತ್ತದೆ, ಒಂದು ಗೇಣು ಅತ್ತಿತ್ತ. ಹೀಗೆ ಎರಡು ಸಲ ಬಂದಿದೆಯೇ ಎಂದು ತಿಳಿಯಲು ಮೊದಲು ಕೇಳಬೇಕಾದ ಪ್ರಶ್ನೆ: ಇಷ್ಟೂ ಬಿಂದುಗಳಲ್ಲಿ ಅತಿ ಹತ್ತಿರದ ಜೋಡಿ ಯಾವುದು?

ಎಲ್ಲ ಜೋಡಿಯನ್ನೂ ಅಳೆದು ನೋಡಬಹುದು. 4,000 ಕಲ್ಲಿದ್ದರೆ ಸುಮಾರು 80 ಲಕ್ಷ ಜೋಡಿ, ಕಂಪ್ಯೂಟರಿಗೆ ಅದೇನೂ ಭಾರವಲ್ಲ. 2 ಲಕ್ಷ ಕಲ್ಲು ಬಂದರೆ ಮಾತ್ರ 2,000 ಕೋಟಿ ಜೋಡಿಯಾಗುತ್ತವೆ. ಆಗ ಬೇರೆ ದಾರಿ ಬೇಕು. 1975ರಲ್ಲಿ ಶಾಮೋಸ್ ಮತ್ತು ಹೋಯ್ ತೋರಿಸಿದ ದಾರಿ ಇದು: ಬಿಂದುಗಳನ್ನು `x` ಪ್ರಕಾರ ಜೋಡಿಸಿ, ನಡುವೆ ಒಂದು ಗೆರೆ ಎಳೆದು ಎರಡು ಪಾಲು ಮಾಡಿ. ಪ್ರತಿ ಪಾಲಿನ ಹತ್ತಿರದ ಜೋಡಿಯನ್ನು ಇದೇ ರೀತಿ ಹುಡುಕಿ. ಎರಡರಲ್ಲಿ ಸಣ್ಣ ದೂರಕ್ಕೆ `d` ಅನ್ನೋಣ. ಇನ್ನು ಉಳಿಯುವುದು ಒಂದು ಕಲ್ಲು ಎಡಕ್ಕೆ, ಇನ್ನೊಂದು ಬಲಕ್ಕೆ ಇರುವ ಜೋಡಿಗಳು. ಅಂಥ ಜೋಡಿ `d`ಗಿಂತ ಹತ್ತಿರ ಇರಬೇಕಾದರೆ ಎರಡೂ ಗೆರೆಯಿಂದ `d` ಒಳಗೇ ಇರಬೇಕು. ಅಂದರೆ ಗೆರೆಯ ಎರಡೂ ಬದಿ ಸೇರಿ `2d` ಅಗಲದ ಪಟ್ಟಿಯನ್ನು ನೋಡಿದರೆ ಸಾಕು.

ಎಂಟು ಕಲ್ಲುಗಳ ಮೇಲೆ ಮಾಡಿ ನೋಡೋಣ, ಅಳತೆ ಮೀಟರಿನಲ್ಲಿ. ಎಡಕ್ಕೆ 1 (2,10), 2 (12,40), 3 (30,22), 4 (44,60). ಬಲಕ್ಕೆ 5 (52,58), 6 (60,20), 7 (75,45), 8 (90,12). ಎಡದಲ್ಲಿ ಹತ್ತಿರದವು 2 ಮತ್ತು 3, ದೂರ 25.46. ಬಲದಲ್ಲಿ 5 ಮತ್ತು 7, ದೂರ 26.42. ಹಾಗಾಗಿ `d` = 25.46. ಗೆರೆಯನ್ನು `x` = 48ರಲ್ಲಿ ಎಳೆದರೆ ಪಟ್ಟಿಯೊಳಗೆ ಬರುವವು 3, 4, 5, 6 ಮಾತ್ರ. ಇವನ್ನು `y` ಪ್ರಕಾರ ಕೆಳಗಿನಿಂದ ಮೇಲಕ್ಕೆ ನಿಲ್ಲಿಸಿದರೆ 6, 3, 5, 4. ಮೊದಲು 6 ಮತ್ತು 3ರ ನಡುವೆ ಅಳೆದರೆ 30.07, ಉಪಯೋಗವಿಲ್ಲ. 6ರಿಂದ 5ಕ್ಕೆ ಎತ್ತರದ ವ್ಯತ್ಯಾಸವೇ 38 ಇದೆ, ಅಳೆಯುವ ಗೋಜೇ ಬೇಡ. 3ರಿಂದ 5ಕ್ಕೆ 36, ಅದೂ ಬೇಡ. 5ರಿಂದ 4ಕ್ಕೆ ಅಳೆದರೆ 8.25. ಉತ್ತರ ಸಿಕ್ಕಿತು. ಪಟ್ಟಿಯಲ್ಲಿ ಅಳೆದದ್ದು ಎರಡೇ ಸಲ.

ಇಲ್ಲಿಯ ತನಕ ಯಾರಿಗೂ ತಕರಾರಿಲ್ಲ. ಒಮ್ಮೆ ನಮ್ಮಲ್ಲಿ ಕಲಿಯಲು ಬಂದ ಹುಡುಗನೊಬ್ಬ ಕೇಳಿದ: "ಸರ್, ಎಲ್ಲಾ ಕಲ್ಲೂ ಪಟ್ಟಿಯೊಳಗೇ ಬಂದ್ರ ಏನ್ ಮಾಡ್ತೀರಿ? ಮತ್ತ ಎಲ್ಲಾ ಜೋಡಿ ಅಳೀಬೇಕಲ್ರಿ?" ಸರಿಯಾದ ಪ್ರಶ್ನೆ. ಉತ್ತರ-ದಕ್ಷಿಣಕ್ಕೆ ನೆಟ್ಟಗೆ ಹೋಗುವ ಒಂದು ಬದುವಿನ ಗುಂಟ ಕಲ್ಲುಗಳಿದ್ದರೆ ಹಾಗೇ ಆಗುತ್ತದೆ, ಎಲ್ಲವೂ ಪಟ್ಟಿಯೊಳಗೆ. ಪಟ್ಟಿಯಲ್ಲಿ ಬಿಂದುಗಳು ಕಡಿಮೆ ಇರುತ್ತವೆ, ಅದಕ್ಕೇ ಕೆಲಸ ಬೇಗ ಮುಗಿಯುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಕಾರಣ ಅದಲ್ಲ.

ತೊಗರಿ ಬಿತ್ತನೆಯನ್ನೇ ನೋಡಿ. ಬದುವಿನ ಈಚೆ ಒಬ್ಬ ರೈತ, ಆಚೆ ಇನ್ನೊಬ್ಬ. ಇಬ್ಬರೂ ತಮ್ಮ ತಮ್ಮ ಹೊಲದಲ್ಲಿ ಗಿಡದಿಂದ ಗಿಡಕ್ಕೆ ಕನಿಷ್ಠ `d` ಅಂತರ ಬಿಟ್ಟಿದ್ದಾರೆ. ಹಾಗಾದರೆ ಯಾವುದೇ ಸಣ್ಣ ತುಂಡು ನೆಲದಲ್ಲಿ ಒಬ್ಬನ ಗಿಡಗಳು ಒಂದು ಮಿತಿಗಿಂತ ಜಾಸ್ತಿ ಹಿಡಿಯುವುದಿಲ್ಲ. ಆದರೆ ಬದುವಿಗೆ ತಾಗಿದ ಈಚೆಯ ಗಿಡ ಮತ್ತು ಆಚೆಯ ಗಿಡ ಒಂದಕ್ಕೊಂದು ಅಂಟಿಕೊಂಡೇ ಇರಬಹುದು, ಅವರಿಬ್ಬರೂ ಮಾತಾಡಿಕೊಂಡು ಬಿತ್ತಿಲ್ಲವಲ್ಲ. ನಮ್ಮ ಲೆಕ್ಕದಲ್ಲೂ ಇದೇ ಸ್ಥಿತಿ. ಎಡ ಪಾಲು ಮತ್ತು ಬಲ ಪಾಲು ಆಗಲೇ ಪರೀಕ್ಷೆ ಮುಗಿಸಿ ಬಂದಿವೆ. ಒಂದೇ ಬದಿಯ ಯಾವ ಎರಡು ಬಿಂದುಗಳೂ `d`ಗಿಂತ ಹತ್ತಿರ ಇಲ್ಲ.

ಈಗ ಪಟ್ಟಿಯ ಒಂದು ಬಿಂದು ಹಿಡಿದು, ಅದರಿಂದ ಮೇಲಕ್ಕೆ `d` ಎತ್ತರದ ತನಕ ಮಾತ್ರ ನೋಡಿ. ಅದು `2d` ಅಗಲ, `d` ಎತ್ತರದ ಆಯತ. ಅದರ ಎಡ ಅರ್ಧ `d` ಅಳತೆಯ ಚೌಕ. ಆ ಚೌಕವನ್ನು ಅಡ್ಡ ಒಂದು, ಉದ್ದ ಒಂದು ಗೆರೆ ಹಾಕಿ ನಾಲ್ಕು ಖಾನೆ ಮಾಡಿ. ಪ್ರತಿ ಖಾನೆಯ ಬದಿ `d/2`. ಖಾನೆಯ ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು `0.707d`, ಅಂದರೆ `d`ಗಿಂತ ಕಡಿಮೆ. ಹಾಗಾಗಿ ಒಂದು ಖಾನೆಯಲ್ಲಿ ಎಡ ಪಾಲಿನ ಎರಡು ಬಿಂದು ಇರಲು ಸಾಧ್ಯವೇ ಇಲ್ಲ. ಎಡಕ್ಕೆ ಹೆಚ್ಚೆಂದರೆ ನಾಲ್ಕು, ಬಲಕ್ಕೂ ನಾಲ್ಕು, ಒಟ್ಟು ಎಂಟು. ಅದರಲ್ಲಿ ಒಂದು ನಾವು ಹಿಡಿದ ಬಿಂದುವೇ. ಉಳಿದದ್ದು ಏಳು. ಪಟ್ಟಿಯಲ್ಲಿ ಬಿಂದುಗಳು ಎಷ್ಟೇ ಇರಲಿ, ಪ್ರತಿಯೊಂದಕ್ಕೂ ಏಳಕ್ಕಿಂತ ಜಾಸ್ತಿ ಅಳತೆ ಬೇಕಿಲ್ಲ. ಎರಡು ಬದಿಯನ್ನು ಬೇರೆ ಬೇರೆ ಎಣಿಸಿದ್ದು ಯಾಕೆಂದರೆ, ಗೆರೆಯ ಮೇಲೆ ಒಂದೇ ಜಾಗದಲ್ಲಿ ಎಡದ್ದೊಂದು ಬಲದ್ದೊಂದು ಬಿಂದು ಕೂತಿರಬಹುದು. ಎರಡು ಸಲ ನಮೂದಾದ ಕಲ್ಲು ಅಂದರೆ ಅದೇ ಅಲ್ವಾ!

ಕೋಡ್ ಇಷ್ಟೇ. `s` ಅನ್ನುವುದು `y` ಪ್ರಕಾರ ಜೋಡಿಸಿದ ಪಟ್ಟಿಯ ಬಿಂದುಗಳು, `d2` ಅನ್ನುವುದು `d`ಯ ವರ್ಗ, `dist2` ಎರಡು ಬಿಂದುಗಳ ದೂರದ ವರ್ಗ ಕೊಡುತ್ತದೆ:

```python
for i in range(len(s)):
    j = i + 1
    while j < len(s) and (s[j][1] - s[i][1]) ** 2 < d2:
        d2 = min(d2, dist2(s[i], s[j]))
        j += 1
```

ಈ ಮೂರನೇ ಸಾಲಿನಲ್ಲಿ ನಾನು ಒಮ್ಮೆ ಎಡವಿದ್ದೆ. ವರ್ಗಮೂಲ ತೆಗೆಯುವ ಖರ್ಚು ಉಳಿಸಲು ದೂರವನ್ನು ವರ್ಗದಲ್ಲೇ ಇಟ್ಟಿದ್ದೆ. ಆದರೆ ಎತ್ತರದ ವ್ಯತ್ಯಾಸವನ್ನು ವರ್ಗ ಮಾಡಲು ಮರೆತು ನೇರವಾಗಿ `d2` ಜೊತೆ ಹೋಲಿಸಿದ್ದೆ. ಒಂದು ಊರಿನ ಫೈಲಿನಲ್ಲಿ ಉತ್ತರ ಸರಿ ಬಂತು, ಆದರೆ ಪ್ರೋಗ್ರಾಂ ಆಮೆಯ ಹಾಗೆ ತೆವಳಿತು. ಅಲ್ಲಿ `d` 25 ಮೀಟರ್ ಆಸುಪಾಸಿತ್ತು, ವರ್ಗ 600 ದಾಟುತ್ತದೆ. ಹಾಗಾಗಿ 25 ಮೀಟರ್ ಎತ್ತರದಲ್ಲಿ ನಿಲ್ಲಬೇಕಾದದ್ದು 600 ಮೀಟರ್ ತನಕ ಹುಡುಕುತ್ತಿತ್ತು. ಇನ್ನೊಂದು ಊರಲ್ಲಿ ತಪ್ಪು ಉಲ್ಟಾ ಆಯಿತು. `d` 0.5 ಮೀಟರ್, ವರ್ಗ 0.25. ಗೆರೆಯ ಆಚೆ ಈಚೆ ಇದ್ದ ಎರಡು ಕಲ್ಲಿಗೆ ಅಗಲದಲ್ಲಿ 0.1, ಎತ್ತರದಲ್ಲಿ 0.4 ವ್ಯತ್ಯಾಸ. ನಿಜವಾದ ದೂರ 0.41, ಅದೇ ಉತ್ತರ ಆಗಬೇಕಿತ್ತು. ಆದರೆ 0.4 ಅನ್ನುವುದು 0.25ಕ್ಕಿಂತ ಜಾಸ್ತಿ ಎಂದು ಪ್ರೋಗ್ರಾಂ ಅಳೆಯದೇ ಮುಂದೆ ಹೋಯಿತು.

ನಿಧಾನದ ತಪ್ಪು ಹಿಡಿಯಲು ಸುಲಭದ ಉಪಾಯ ಇದೆ. ಒಳಗಿನ ಲೂಪು ಒಂದು ಬಿಂದುವಿಗೆ ಎಷ್ಟು ಸಲ ತಿರುಗಿತು ಎಂದು ಎಣಿಸಿ. ಎಲ್ಲಿಯಾದರೂ 8 ಕಂಡರೆ ಕೋಡಿನಲ್ಲಿ ದೋಷ ಇದೆ ಎಂದೇ ಅರ್ಥ, ಡೇಟಾದ ಮೇಲೆ ತಪ್ಪು ಹಾಕಬೇಡಿ. ಬೇಗ ನಿಲ್ಲುವ ತಪ್ಪನ್ನು ಮಾತ್ರ ಈ ಎಣಿಕೆ ಹಿಡಿಯುವುದಿಲ್ಲ. ಅದಕ್ಕೆ ಕೆಲವು ನೂರು ಬಿಂದುಗಳನ್ನು ಮನಬಂದಂತೆ ಹರಡಿ, ದೂರ ಒಂದಕ್ಕಿಂತ ಕಡಿಮೆ ಬರುವ ಹಾಗೆ ಒತ್ತೊತ್ತಾಗಿ ಇಟ್ಟು, ಎಲ್ಲ ಜೋಡಿ ಅಳೆಯುವ ಹಳೇ ವಿಧಾನದ ಉತ್ತರದೊಂದಿಗೆ ಹೋಲಿಸಬೇಕು.

ಪಟ್ಟಿಯನ್ನು ಪ್ರತಿ ಹಂತದಲ್ಲೂ `y` ಪ್ರಕಾರ ಹೊಸದಾಗಿ ಜೋಡಿಸಿದರೆ ಉತ್ತರ ಕೆಡುವುದಿಲ್ಲ, ಒಟ್ಟು ಕೆಲಸ ಮಾತ್ರ `n log² n` ಆಗುತ್ತದೆ. ಎರಡು ಪಾಲುಗಳೂ ತಮ್ಮ ಬಿಂದುಗಳನ್ನು `y` ಕ್ರಮದಲ್ಲೇ ವಾಪಸು ಕೊಟ್ಟರೆ, ಅವನ್ನು ಹೆಣೆದು ಸೇರಿಸಿದರಾಯಿತು, `n log n`ನಲ್ಲಿ ಮುಗಿಯುತ್ತದೆ.

ನೆಟ್ಟಗಿನ ಬದುವಿಗೆ ಮತ್ತೆ ಬರುತ್ತೇನೆ. ಅಲ್ಲಿಯ ಕಲ್ಲುಗಳಿಗೆಲ್ಲ `x` ಒಂದೇ ಬಂದರೆ, "ಗೆರೆಗಿಂತ ಕಡಿಮೆ ಅಥವಾ ಸಮ ಇದ್ದದ್ದು ಎಡಕ್ಕೆ" ಎಂದು ಬರೆದ ಕೋಡು ಎಲ್ಲವನ್ನೂ ಎಡಕ್ಕೇ ತಳ್ಳುತ್ತದೆ. ಎಡ ಪಾಲು ಸಣ್ಣದಾಗುವುದೇ ಇಲ್ಲ. ಕೊನೆಗೆ ಪರದೆಯ ಮೇಲೆ `RecursionError: maximum recursion depth exceeded` ಬರುತ್ತದೆ. ಗೆರೆಯ ಬೆಲೆ ನೋಡಿ ಪಾಲು ಮಾಡಬೇಡಿ. ಜೋಡಿಸಿದ ಸಾಲಿನಲ್ಲಿ ಮೊದಲ ಅರ್ಧ ಎಡಕ್ಕೆ, ಉಳಿದ ಅರ್ಧ ಬಲಕ್ಕೆ ಎಂದು ಎಣಿಸಿ ಹಂಚಿ. ಸಮ `x` ಇರುವ ಕಲ್ಲುಗಳು ಎರಡೂ ಬದಿಗೆ ಹೋದರೂ ಏಳರ ಲೆಕ್ಕ ಹಾಗೇ ನಿಲ್ಲುತ್ತದೆ. ಖಾನೆಗಳನ್ನು ನಾವು ಬದಿಗೆ ನಾಲ್ಕರಂತೆ ಎಣಿಸಿದ್ದೆವಲ್ಲ, ಗೆರೆಯ ಮೇಲಿನ ಕಲ್ಲು ಯಾವ ಪಾಲಿನದೋ ಆ ಪಾಲಿನ ಖಾನೆಯಲ್ಲೇ ಕೂರುತ್ತದೆ.